ಸೋಪಕ್ಕನ ಎರಡು ಡ್ರಮ್ಮುಗಳು

ಮಧ್ಯಾಹ್ನದ ಹೊತ್ತು ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿದರೆ ಸಾಕು, ಸೋಪಕ್ಕನಿಗೆ ಕನಸಲ್ಲಿ ವಾಸನೆಗಳು ಬರುತ್ತಿದ್ದವು. ಸಾಬೂನು ಕಾರ್ಖಾನೆಯ ಉದ್ದನೆಯ ಹಜಾರ, ಮರದ ಪೆಟ್ಟಿಗೆಗಳು, ಆಗಷ್ಟೇ ಕತ್ತರಿಸಿದ ಬೆಚ್ಚನೆಯ ಬಿಲ್ಲೆಗಳು. ಒಂದನ್ನು ಎತ್ತಿ ಮೂಗಿಗೆ ಹಿಡಿದರೆ ನಿಂಬೆ, ಇನ್ನೊಂದನ್ನು ಹಿಡಿದರೆ ಗುಲಾಬಿ. ಎಚ್ಚರವಾದ ಮರುಕ್ಷಣ ಎಲ್ಲವೂ ಮಾಯ. ಎದುರಿಗೆ ಬರೀ ಬಿಸಿಲು, ಹರಡಿದ ಒಣ ಎಲೆ, ಕಸ ಗೊಬ್ಬರವಾಗುವ ಎರಡು ನೀಲಿ ಡ್ರಮ್ಮು.

ಮೂವತ್ತು ವರ್ಷ ಆ ಕಾರ್ಖಾನೆಯಲ್ಲಿ ಆಕೆಯ ಕೆಲಸವೇ ಮೂಸುವುದು. ವಾಸನೆ ಕೂದಲೆಳೆಯಷ್ಟು ಕೆಟ್ಟಿದ್ದರೂ ಇಡೀ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದಳು. ಅದಕ್ಕೇ ಸೋಪಕ್ಕ ಎಂಬ ಹೆಸರು ಅಂಟಿತು. ನಿವೃತ್ತಿಯಾದ ಮೇಲೆ ಈ ಮೂರಂತಸ್ತಿನ ಕಟ್ಟಡದ ಎಂಟೂ ಮನೆಗಳ ಹಸಿ ಕಸವನ್ನು ತಾನೇ ವಹಿಸಿಕೊಂಡಳು. ಬಕೆಟ್ಟಿನ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ, "ಯಾರ್ರೀ ಇದು, ಮೀನಿನ ಮುಳ್ಳು ಕಾಗದದಲ್ಲಿ ಸುತ್ತಿ ಹಾಕಿದ್ದು?" ಎಂದು ಮೆಟ್ಟಿಲಲ್ಲೇ ಕೂಗುತ್ತಿದ್ದಳು. ಕಳ್ಳರು ಬಾಯಿ ಬಿಡುತ್ತಿರಲಿಲ್ಲ, ಆದರೆ ಮಾರನೆಯ ದಿನ ಮುಳ್ಳು ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬಂದ ಒಂದು ಜ್ವರ, ಹೋಗುವಾಗ ಆಕೆಯ ಮೂಗನ್ನೂ ಕರೆದುಕೊಂಡು ಹೋಯಿತು. ಇದನ್ನು ಸೋಪಕ್ಕ ಯಾರಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಹೇಳಿಬಿಟ್ಟರೆ ತಾನು ಯಾರು ಅನ್ನುವುದೇ ತನಗೆ ತಿಳಿಯದೆ ಹೋಗುತ್ತದೆ ಎಂಬ ಭಯ. ಈಗ ಪಾಪ, ಹಾಲು ಕೆಟ್ಟಿದೆಯೇ ಎಂದು ನೋಡಿ ತಿಳಿಯಬೇಕು, ಪಾತ್ರೆ ಹೊತ್ತಿತೇ ಎಂದು ಹೊಗೆ ನೋಡಿ ತಿಳಿಯಬೇಕು. ಡ್ರಮ್ಮು ನಾರುತ್ತಿದೆಯೇ ಎಂದು ಮಾತ್ರ ನೋಡಿ ತಿಳಿಯುವ ದಾರಿ ಆಕೆಗೆ ಹೊಳೆಯಲಿಲ್ಲ. ನಾರಿದರೆ ಎಂಬ ಭಯಕ್ಕೇ ಈಚೆಗೆ ಕೆಲವು ತಿಂಗಳಿಂದ ದಿನಾ ಸಂಜೆ ಒಂದೊಂದು ಮಗ್ಗು ಫಿನಾಯಿಲು ಬೆರೆಸಿದ ಸೋಪಿನ ನೀರನ್ನು ಎರಡಕ್ಕೂ ಸುರಿಯುತ್ತಿದ್ದಳು. ಹೇಗಿದ್ದರೂ ಘಮಘಮ ಅನ್ನುತ್ತಿರುತ್ತದೆ ಎಂದು ತನಗೆ ತಾನೇ ಸಮಾಧಾನ.

ಅಲ್ಲೇ ನೋಡಿ ಎಡವಟ್ಟಾದದ್ದು. ಒಂದು ಬೆಳಿಗ್ಗೆ ಕಟ್ಟಡದ ಕಾರ್ಯದರ್ಶಿಯಾದ ಗಣಿತದ ಮೇಷ್ಟ್ರು ಬನಿಯನ್ನಿನಲ್ಲೇ ತಾರಸಿಗೆ ಹತ್ತಿ ಬಂದರು. ಮುಖ ಕೆಂಡವಾಗಿತ್ತು.

"ಅಕ್ಕ, ನಮ್ಮನೆ ಅಡುಗೆಮನೇಲಿ ನೊಣ ಲೆಕ್ಕ ಹಾಕೋಕೆ ಆಗ್ತಿಲ್ಲ. ನಿನ್ನೆ ಇಲಿ ಪೈಪು ಹಿಡ್ಕೊಂಡು ಇಲ್ಲಿಗೆ ಹತ್ತೋದನ್ನ ಕಣ್ಣಾರೆ ನೋಡಿದೆ."

"ಇಲೀನಾ? ನನ್ನ ಡ್ರಮ್ಮಿಗಾ?" ಎಂದಳು ಸೋಪಕ್ಕ.

ಮೇಷ್ಟ್ರು ಮುಚ್ಚಳ ಎತ್ತಿ ಹಿಂದಕ್ಕೆ ಹಾರಿದರು. ಅಂಚಿನಲ್ಲಿ ಬಿಳಿ ಹುಳುಗಳು ಮಿಜಿಮಿಜಿ ಅನ್ನುತ್ತಿದ್ದವು. "ನಿಮ್ಮ ಮೂಗಿಗೇ ಇದು ಗೊತ್ತಾಗ್ಲಿಲ್ವಾ? ಹದಿನೈದು ದಿನ ಕೊಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಎರಡೂ ಕಸದ ಲಾರಿಗೆ ಹೋಗ್ತವೆ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಆ ಮೂಗು ಹೋದ ಮೇಲೆ ದಿನಕ್ಕೆ ಒಂದು ಸಲವಾದರೂ ಯಾರಾದರೂ ತನ್ನ ಹತ್ತಿರ ಬರುತ್ತಿದ್ದುದು ಈ ಡ್ರಮ್ಮುಗಳಿಗೋಸ್ಕರ. ಬಕೆಟ್ಟು ತರುತ್ತಿದ್ದರು, ಎರಡು ಮಾತಾಡುತ್ತಿದ್ದರು. ಇದೂ ಹೋದರೆ ತಾನು ಮೂಲೆಗೆ ಸರಿದ ಹಳೇ ಪೆಟ್ಟಿಗೆಯಂತೆಯೇ.

ಮಧ್ಯಾಹ್ನ ಸೊಸೆ ಬಕೆಟ್ಟು ಹಿಡಿದು ಮೇಲೆ ಬಂದಳು. ಗಿಡ ಮಾರುವ ನರ್ಸರಿಯಲ್ಲಿ ಕೆಲಸ ಆಕೆಯದು. ಈಗ ಮೂರು ತಿಂಗಳ ಬಸುರಿ. ಬೆಳ್ಳುಳ್ಳಿ ಸುಲಿದರೂ ಬಚ್ಚಲಿಗೆ ಓಡುವ ಕಾಲ. ತಾರಸಿಯ ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಅತ್ತೆ, ನಿಜ ಹೇಳಿ. ಇದರಲ್ಲಿ ಮೀನು ನಾರ್ತಿದೆಯಾ, ಫಿನಾಯಿಲು ನಾರ್ತಿದೆಯಾ?"

ಸೋಪಕ್ಕ ಡ್ರಮ್ಮಿಗೆ ಬಗ್ಗಿದಳು. ಏನೂ ಇಲ್ಲ. ಖಾಲಿ. ತಲೆ ಎತ್ತಿದಾಗ ಕಣ್ಣು ತುಂಬಿತ್ತು. ಎರಡು ವರ್ಷ ಕಟ್ಟಿಟ್ಟ ಗುಟ್ಟು ಒಂದೇ ಉಸಿರಿಗೆ ಹೊರಬಿತ್ತು.

ಸೊಸೆ ನಗಲೂ ಇಲ್ಲ, ಅಯ್ಯೋ ಅನ್ನಲೂ ಇಲ್ಲ. "ನನಗೆ ಎಲ್ಲಾ ಜಾಸ್ತಿ ಬರುತ್ತೆ, ನಿಮಗೆ ಏನೂ ಬರಲ್ಲ. ಒಳ್ಳೆ ಜೋಡಿ ನಾವು," ಎಂದಳು. "ಮೊದಲು ಆ ಫಿನಾಯಿಲು ನಿಲ್ಲಿಸಿ ಅತ್ತೆ. ಕಸ ಗೊಬ್ಬರ ಆಗೋದು ಅದರೊಳಗಿನ ಕಣ್ಣಿಗೆ ಕಾಣದ ಜೀವಗಳಿಂದ. ದಿನಾ ಅವನ್ನೇ ಸಾಯಿಸ್ತಿದ್ದೀರ. ಜೊತೆಗೆ ಅಷ್ಟು ನೀರು. ಗಾಳಿ ಇಲ್ಲದೆ ಕೊಳೀತಿದೆ. ಹುಳಕ್ಕೆ ಹೇಳಿ ಮಾಡಿಸಿದ ಹಾಸಿಗೆ."

ಹೀಗೆ ಶುರುವಾಯಿತು. ಸೊಸೆ ಬಾಗಿಲಲ್ಲಿ ಮೂಗು ಮುಚ್ಚಿ ಕುರ್ಚಿ ಹಾಕಿಕೊಂಡು ಆಜ್ಞೆ ಕೊಡುವುದು, ಅತ್ತೆ ಕೈಗವಸು ತೊಟ್ಟು ಮಾಡುವುದು. ಡ್ರಮ್ಮಿನ ಅಡಿಯ ರಂಧ್ರ ಎಲೆಯಿಂದ ಮುಚ್ಚಿಹೋಗಿತ್ತು. ಕಡ್ಡಿಯಲ್ಲಿ ಚುಚ್ಚಿದಾಗ ಕಪ್ಪು ನೀರು ಬಕೆಟ್ಟಿಗೆ ಇಳಿಯಿತು. ಮೀನಿನ ಮುಳ್ಳು, ಎಣ್ಣೆ ಬಿದ್ದ ಅನ್ನ ಎಲ್ಲವನ್ನೂ ಆರಿಸಿ ತೆಗೆದಳು. ಅದೇ ಇಲಿಗೆ ಔತಣ. ಒಣ ಎಲೆ, ಹರಿದ ರಟ್ಟು, ಬಡಗಿಯ ಹತ್ತಿರದ ಮರದ ಪುಡಿ, ಕಸದ ಎರಡರಷ್ಟು ಬೆರೆಸಿ, ಹಿಂದಿನ ವರ್ಷದ ಗೊಬ್ಬರದ ಒಂದು ಬುಟ್ಟಿ ಸೇರಿಸಿ, ತಳದಿಂದ ಮೇಲಕ್ಕೆ ಮಗುಚಿದಳು. ಗಾಳಿಯಾಡುವ ರಂಧ್ರಗಳಿಗೆ ಇಲಿ ನುಗ್ಗದಂತೆ ತಂತಿಬಲೆ ಬಿಗಿದಳು. ಇಟ್ಟಿಗೆಯ ಮೇಲೆ ಡ್ರಮ್ಮು ಏರಿತು. ಪ್ರತಿ ಬಕೆಟ್ಟಿನ ಮೇಲೂ ಕಸ ಕಾಣದಷ್ಟು ಒಣ ಎಲೆಯ ಹೊದಿಕೆ, ಆಮೇಲೆ ಮುಚ್ಚಳ. ಎಂಟೂ ಮನೆಗೂ ಹೋಗಿ, "ಬೇಯಿಸಿದ್ದು, ಮೀನು, ಮಾಂಸ ನನ್ನ ಡ್ರಮ್ಮಿಗೆ ಬೇಡ," ಎಂದು ಮುಖಕ್ಕೇ ಹೇಳಿ ಬಂದಳು.

"ಆದ್ರೆ ಸರಿಹೋಯ್ತಾ ಅಂತ ನನಗೆ ಗೊತ್ತಾಗೋದು ಹೇಗೆ ಕಣೇ?"

"ಒಂದು ಹಿಡಿ ಹಿಂಡಿ ನೋಡಿ. ಹಿಂಡಿದ ಸ್ಪಂಜಿನ ಹಾಗೆ ಇರ್ಬೇಕು. ಒಂದೆರಡು ಹನಿ ಬಂದ್ರೆ ಹದ. ಸುರಿದ್ರೆ ಎಲೆ ಹಾಕಿ."

ಮೊದಲ ಮೂರು ದಿನ ಸುರಿಯುತ್ತಿತ್ತು, ಎಲೆ ಹಾಕುತ್ತಾ ಹೋದಳು. ಐದನೆಯ ಬೆಳಿಗ್ಗೆ ಸುರಿಯುವುದು ನಿಂತಿತು. ಮಗುಚಲು ಕೈ ಇಳಿಸಿದಾಗ ರಾಶಿಯ ನಡುವೆ ಬೆಚ್ಚಗಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ. ಮೆಲ್ಲನೆ ಒಂದೆಳೆ ಹಬೆ ಎದ್ದು ಎಳೆಬಿಸಿಲಲ್ಲಿ ಕರಗಿತು. ಅದರೊಳಗೆ ಏನೋ ನಿದ್ದೆಯಲ್ಲಿ ಉಸಿರಾಡುತ್ತಿದೆ ಎನ್ನಿಸಿತು. ತಾನೂ ಆ ನಿದ್ದೆಯೊಳಗೆ ಇಳಿದವಳಂತೆ, ಟ್ಯಾಂಕಿನ ನೀರು ತುಂಬಿ ಹರಿದು ಪಾದ ಒದ್ದೆಯಾಗುವ ತನಕ ಸೋಪಕ್ಕ ಅಲ್ಲಿಯೇ ನಿಂತಿದ್ದಳು. ಆ ದಿನದಿಂದ ಆಕೆಗೆ ಮಧ್ಯಾಹ್ನದ ಕನಸುಗಳು ಕಡಿಮೆಯಾದವು.

ಹದಿನೈದನೆಯ ದಿನ ಮೇಷ್ಟ್ರು ಬಂದರು. ಹಿಂದೆ ನಾಲ್ಕು ಮನೆಯವರು, ಬಾಗಿಲಲ್ಲಿ ಸೊಸೆ. ಡ್ರಮ್ಮಿನ ಸುತ್ತ ನೊಣವಿರಲಿಲ್ಲ, ಅಂಚಿನಲ್ಲಿ ಹುಳುವಿರಲಿಲ್ಲ. ತಂತಿಬಲೆಯ ಹತ್ತಿರ ಹಲ್ಲಿನ ಗುರುತೂ ಇರಲಿಲ್ಲ. ಆದರೂ ಮೇಷ್ಟ್ರಿಗೆ ಅನುಮಾನ.

"ಕಣ್ಣಿಗೆ ಚೆನ್ನಾಗಿದೆ. ವಾಸನೆ ಹೇಗಿದೆ ಅಂತ ನೀವೇ ಹೇಳ್ಬಿಡಿ ಅಕ್ಕ. ನಿಮ್ಮ ಮೂಗಿಗಿಂತ ದೊಡ್ಡ ಸಾಕ್ಷಿ ಬೇಕಾ? ನೀವು ಸರಿ ಅಂದ್ರೆ ಇಲ್ಲಿಗೆ ಮುಗೀತು."

ಎಷ್ಟು ಸುಲಭ! ಹೂಂ ಅಂದರೆ ಡ್ರಮ್ಮೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಸೊಸೆ ಅತ್ತೆಯ ಮುಖ ನೋಡಿದಳು. ಸೋಪಕ್ಕ ಡ್ರಮ್ಮಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ನನಗೆ ಗೊತ್ತಾಗಲ್ಲ ಮೇಷ್ಟ್ರೇ," ಎಂದಳು. "ಎರಡು ವರ್ಷದಿಂದ ನನ್ನ ಮೂಗಿಗೆ ಏನೂ ಬರ್ತಿಲ್ಲ. ನಾಚಿಕೆ ಆಗಿ ಮುಚ್ಚಿಟ್ಟೆ. ಅದಕ್ಕೇ ಇಷ್ಟೆಲ್ಲಾ ಆಗಿದ್ದು. ನೀವೇ ನೋಡಿ ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟು, ಡ್ರಮ್ಮಿನೊಳಗೆ ತಲೆ ಇಳಿಸಿ ಉದ್ದನೆಯ ಉಸಿರು ಎಳೆದರು. ಮತ್ತೊಮ್ಮೆ ಎಳೆದರು. ಗೊಂದಲದಿಂದ ಸೊಸೆಯನ್ನು ಕರೆದರು. ಸೊಸೆ ಹಿಂಜರಿಯುತ್ತಾ ಬಂದು ಸೆರಗು ಸರಿಸಿ ಬಗ್ಗಿದಳು. ಬಚ್ಚಲಿಗೆ ಓಡಲಿಲ್ಲ.

"ಏನ್ ವಾಸನೆ ಬರ್ತಿದೆ?" ಎಂದಳು ಸೋಪಕ್ಕ.

"ಏನೂ ಇಲ್ಲ ಅಕ್ಕ," ಎಂದರು ಮೇಷ್ಟ್ರು.

"ಏನೂ ಇಲ್ಲ ಅತ್ತೆ," ಎಂದಳು ಸೊಸೆ.

"ನನಗೂ ಅಷ್ಟೇ!" ಎಂದು ಸೋಪಕ್ಕ ನಗತೊಡಗಿದಳು. ಎರಡು ವರ್ಷದ ಮೇಲೆ ಮೊದಲ ಸಲ, ಎಲ್ಲರಿಗೂ ಬರುತ್ತಿದ್ದದ್ದೇ ಆಕೆಗೂ ಬರುತ್ತಿತ್ತು.