ಕಾಜಾ ಒಂದೇ ಬಾಕಿ

ಆರು ವರ್ಷ ನಗರದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿದು ಬಂದವಳಿಗೆ ಒಂದು ಅಂಗಿ ಹೊಲಿಯಲು ಬರುವುದಿಲ್ಲ ಎಂಬ ಸುದ್ದಿ ಊರಿನಲ್ಲಿ ಹಬ್ಬಲು ಅರ್ಧ ದಿನ ಸಾಕಾಯಿತು. ಸುದ್ದಿ ಹಬ್ಬಿಸಿದವರು ಬೇರೆ ಯಾರೂ ಅಲ್ಲ, ಸ್ವಂತ ಸೋದರಮಾವ. ಹರಿದ ಅಂಗಿಯೊಂದನ್ನು ತಂದು, ಅದರ ಅಳತೆಗೇ ಇನ್ನೊಂದು ಹೊಲಿದುಕೊಡು ಎಂದಿದ್ದರು. ಅವಳು ಬರುವುದಿಲ್ಲ ಎಂದಳು.

"ಮತ್ತೆ ಆರು ವರ್ಷ ಅಲ್ಲಿ ಏನ್ ಮಾಡ್ತಿದ್ದೆ?"

"ಕಾಜಾ ಹಾಕ್ತಿದ್ದೆ ಮಾವ."

"ಕಾಜಾ ಅಂದ್ರೆ? ಗುಂಡಿ ತೂರಿಸೋ ತೂತು?"

"ಹೌದು."

"ಆರು ವರ್ಷ ತೂತು ಕೊರೆದ್ಯಾ?" ಎಂದು ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಆದರೆ ಒಳಗೆ ನಾಚಿಕೆಯಾಯಿತು, ಏಕೆಂದರೆ ಮಾತು ನಿಜವೇ ಆಗಿತ್ತು. ಕಾರ್ಖಾನೆಯಲ್ಲಿ ಒಬ್ಬಳು ಕಾಲರ್ ಹೊಲಿದರೆ ಕೆಲಸ ಬಿಡುವವರೆಗೂ ಕಾಲರ್, ಒಬ್ಬಳು ತೋಳು ಕೂಡಿಸಿದರೆ ಸಾಯುವವರೆಗೂ ತೋಳು. ಇವಳ ಪಾಲಿಗೆ ಕಾಜಾ ಬಂದಿತ್ತು. ಪೂರ್ತಿ ಅಂಗಿ ಹೇಗೆ ಹುಟ್ಟುತ್ತದೆ ಎಂಬುದು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಈಗ ಆ ಕಾರ್ಖಾನೆ ಬಾಗಿಲು ಮುಚ್ಚಿ, ಎರಡು ದಿನದ ದಾರಿಯ ಇನ್ನೊಂದು ನಗರಕ್ಕೆ ಹೊರಟಿತ್ತು. ಅಲ್ಲಿಗೆ ಬರುವವರು ತಿಂಗಳ ಕೊನೆಯೊಳಗೆ ಒಪ್ಪಿಗೆ ಪತ್ರ ತುಂಬಿ ಕಳಿಸಬೇಕು. ದಪ್ಪನೆಯ ಕಂದು ಲಕೋಟೆಯಲ್ಲಿ ಆ ಪತ್ರ ಅವಳ ಪೆಟ್ಟಿಗೆಯಲ್ಲಿತ್ತು. ಹೋದರೆ ವರ್ಷಕ್ಕೊಮ್ಮೆ ಅಮ್ಮನ ಮುಖ ನೋಡಿದರೆ ಹೆಚ್ಚು. ಹೋಗದಿದ್ದರೆ ಊರಿನಲ್ಲಿ ತೂತು ಕೊರೆಯುವವಳಿಗೆ ಏನು ಕೆಲಸ?

ಅಮ್ಮನಿಗೆ ಊರಿನಲ್ಲಿ ಕಾಜಾ ಅಮ್ಮ ಎಂದೇ ಹೆಸರು. ಬೀದಿಯ ತುದಿಯ ಟೈಲರ್ ಕೊಟ್ಟು ಕಳಿಸುವ ಅಂಗಿಗಳಿಗೆ ಇಪ್ಪತ್ತು ವರ್ಷದಿಂದ ಕೈಯಲ್ಲೇ ಕಾಜಾ ಹಾಕುತ್ತಿದ್ದಳು. ಬ್ಲೇಡಿನಿಂದ ಸೀಳಿ, ಅಂಚು ಬಿಚ್ಚಿಕೊಳ್ಳದಂತೆ ಒಂದು ಸುತ್ತು ದಾರ ಓಡಿಸಿ, ಆಮೇಲೆ ಒಂದೊಂದೇ ಗಂಟು ಒತ್ತಾಗಿ ಹಾಕುತ್ತ ಹೋಗಬೇಕು. ಒಂದಕ್ಕೆ ಎಂಟು ನಿಮಿಷ. ಅಂಗಿಗೆ ಏಳು ಕಾಜಾ. ಮಗಳು ಬಂದ ದಿನ ಅಮ್ಮ ಹೊಸ್ತಿಲ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸಲು ನಾಲ್ಕು ಸಲ ಹೆಣಗಿದ್ದನ್ನು ಅವಳು ನೋಡಿದಳು.

ಮರುದಿನ ಮಗಳು, ಅಮ್ಮ ಮುಗಿಸಿದ್ದ ಎರಡು ಅಂಗಿ ಕೊಡಲು, ಟೈಲರ್ ಅಂಗಡಿಗೆ ಹೋದಳು. ಆತನನ್ನು ಊರು ಕರೆಯುತ್ತಿದ್ದದ್ದು ನಾಳೆ ಟೈಲರ್ ಎಂದು. ಯಾರು ಬಟ್ಟೆ ಕೇಳಿದರೂ ಆತನ ಬಾಯಲ್ಲಿ ಬರುವುದು ಒಂದೇ ಮಾತು. ಅವಳು ನಿಂತಿದ್ದಾಗಲೇ ಮೂವರು ಬಂದು ಬೈದು ಹೋದರು.

"ಅಂಗಿ ರೆಡಿ ಇದೆ ಸ್ವಾಮಿ, ಕಾಜಾ ಒಂದೇ ಬಾಕಿ. ನಾಳೆ ಬನ್ನಿ."

ಅವಳು ತಲೆಯೆತ್ತಿ ನೋಡಿದಳು. ಗೋಡೆಯ ಕಂಬಿಗೆ ಮೂವತ್ತೊಂದು ಅಂಗಿ ನೇತಾಡುತ್ತಿದ್ದವು. ಕಾಲರ್ ಕೂತಿದೆ, ತೋಳು ಕೂತಿದೆ, ಇಸ್ತ್ರಿಯೂ ಆಗಿದೆ. ಎದೆ ಮಾತ್ರ ತೆರೆದೇ ಇದೆ. ಅಂಗಡಿ ಇಳಿದು, ಊರಿನ ಮಿಕ್ಕ ಮೂವರು ಟೈಲರ್‌ಗಳ ಕಂಬಿಯನ್ನೂ ನೋಡಿಕೊಂಡು ಬಂದಳು. ಎಲ್ಲೆಡೆ ಅದೇ ರಾಗ. ಒಬ್ಬನ ಹೆಂಡತಿ ಮನೆಗೆಲಸ ಮುಗಿಸಿ ಕೂತಾಗ ಕಾಜಾ. ಇನ್ನಿಬ್ಬರು ವಾರಕ್ಕೊಮ್ಮೆ ಗಂಟು ಕಟ್ಟಿ ಬಸ್ಸಿನಲ್ಲಿ ಪೇಟೆಗೆ ಕಳಿಸುತ್ತಾರೆ, ಅದು ಬಂದಾಗ ಬಂತು. ಅಂಗಿ ಹೊಲಿಯಲು ಒಂದು ದಿನ, ತೂತಿಗಾಗಿ ಕಾಯಲು ಎಂಟು ದಿನ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಇಡೀ ಊರು ಟೈಲರ್‌ಗಳನ್ನು ಬೈಯುತ್ತಿತ್ತೇ ಹೊರತು, ತುತ್ತು ಎಲ್ಲಿ ಸಿಕ್ಕಿಕೊಂಡಿದೆ ಎಂದು ಒಬ್ಬರೂ ನೋಡಿರಲಿಲ್ಲ. ಹೆಂಗಸರು ಮೂಲೆಯಲ್ಲಿ ಕೂತು ಮಾಡುವ ಕೆಲಸ ತಾನೇ, ಯಾರ ಕಣ್ಣಿಗೆ ಬೀಳುತ್ತದೆ?

ಟೈಲರ್‌ಗಳು ತಾವೇ ಒಂದು ಕಾಜಾ ಮೆಷಿನ್ ಏಕೆ ಕೊಳ್ಳಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅದು ಕಾಜಾ ಬಿಟ್ಟು ಬೇರೇನೂ ಹೊಲಿಯದು. ಒಬ್ಬನ ಅಂಗಡಿಯ ಕೆಲಸ ಅದಕ್ಕೆ ದಿನಕ್ಕೆ ಅರ್ಧ ಗಂಟೆಗೂ ಸಾಲದು. ಆದರೆ ನಾಲ್ಕು ಅಂಗಡಿ, ಅಕ್ಕಪಕ್ಕದ ಎರಡು ಊರು ಸೇರಿದರೆ ಗಂಟೆಗಟ್ಟಲೆ ಓಡುತ್ತದೆ.

ಮುಂದಿನ ಬಸ್ಸಿಗೇ ನಗರಕ್ಕೆ ಹೋದಳು. ಕಾರ್ಖಾನೆಯಲ್ಲಿ ಹಳೆಯ ಮೆಷಿನ್‌ಗಳನ್ನೆಲ್ಲ ಗುಜರಿಯವನಿಗೆ ತೂಗಿಹಾಕುತ್ತಿದ್ದರು. ತಾನು ಆರು ವರ್ಷ ಕೂತಿದ್ದ ಕಾಜಾ ಮೆಷಿನ್ನನ್ನು, ಕೂಡಿಟ್ಟಿದ್ದೆಲ್ಲ ಸುರಿದು ಕೊಂಡಳು. ಲಾರಿಯಲ್ಲಿ ತಂದಳು. ಕಾರ್ಖಾನೆಯ ಮೋಟಾರು ಮೂರು ಫೇಸಿನದು, ಮನೆಯ ವಿದ್ಯುತ್ತು ಒಂದೇ ಫೇಸಿನದು. ಮೋಟಾರು ರಿಪೇರಿಯವನು ಬೇರೆ ಮೋಟಾರು ಕೂರಿಸಿಕೊಟ್ಟ. ನಡುಮನೆಯಲ್ಲಿ ಅದನ್ನು ನೋಡಿದ ಸೋದರಮಾವ, "ಹೊಲಿಗೆ ಮೆಷಿನ್ ತರೋದು ಬಿಟ್ಟು ತೂತಿನ ಮೆಷಿನ್ ತಂದಿದ್ದಾಳಲ್ಲಪ್ಪ" ಎಂದು ಹಣೆ ಚಚ್ಚಿಕೊಂಡರು.

ಮಗಳು ಒಂದು ಚೂರು ಬಟ್ಟೆ ಇಟ್ಟು ಪೆಡಲ್ ಒತ್ತಿದಳು. ಸೂಜಿ ಒಂದು ಬದಿ ಇಳಿಯಿತು, ತುದಿಯಲ್ಲಿ ಗಟ್ಟಿಯಾಗಿ ನಾಲ್ಕು ಹೊಲಿಗೆ ಹಾಕಿ ಇನ್ನೊಂದು ಬದಿ ಏರಿತು, ಕೊನೆಗೆ ಟಕ್ ಎಂದು ಚಾಕು ಬಿದ್ದು ನಡುವೆ ಸೀಳಿತು. ಅಮ್ಮ ಆ ಚೂರನ್ನು ಬೆರಳಲ್ಲಿ ಸವರಿದಳು. ಇಪ್ಪತ್ತು ವರ್ಷದ ತನ್ನ ಕೆಲಸ ಟಕ್ ಎಂದು ಮುಗಿದದ್ದರಿಂದ ಅವಳಿಗೆ ನೋವಾಯಿತು. ಮಗಳಿಗೂ ಅದು ಗೊತ್ತಾಯಿತು.

ಮೆಷಿನ್ ಕಾಜಾಕ್ಕೆ ನಾಳೆ ಟೈಲರನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ಚಾಕು ಒಂದ್ ಕೂದಲೆಳೆ ಜಾರಿದ್ರೆ ಅಂಗಿ ಕಸಕ್ಕೇ ಸರಿ. ಆ ಬಟ್ಟೆ ಯಾರ್ ಕೊಡ್ತಾರೆ ಮಗಳೇ?" ಎಂದ. ಕೊನೆಗೆ ಶಾಲೆ ಶುರುವಾಗಲು ಮೂರೇ ದಿನ ಉಳಿದು, ತಾಯಂದಿರು ಅಂಗಡಿಗೆ ಮುತ್ತಿಗೆ ಹಾಕಿದ ಮೇಲೆ, ಇಪ್ಪತ್ನಾಲ್ಕು ಸಮವಸ್ತ್ರದ ಅಂಗಿ ಕೊಟ್ಟ. ಕಾಜಾ ಬೀಳುವ ಜಾಗಕ್ಕೆ ತಾನೇ ಪೆನ್ಸಿಲ್ಲಿನಿಂದ ಚುಕ್ಕೆ ಇಟ್ಟಿದ್ದ. ಗುಂಡಿಗಳನ್ನು ಆತನ ಹೆಂಡತಿ ಆಗಲೇ ಹೊಲಿದಿದ್ದಳು.

"ನಾಳೆ ಹತ್ತು ಗಂಟೆಗೆ ನಾನೇ ಬರ್ತೀನಿ. ಸರಿಯಿದ್ರೆ ಮಿಕ್ಕಿದ್ದೂ ನಿಂದೇ, ಆ ಮೂವರಿಗೂ ನಾನೇ ಹೇಳ್ತೀನಿ. ಕೆಟ್ರೆ ಪೇಟೆ ಬಸ್ಸೇ ಗತಿ."

ಅವಳು ಒಂದು ಹೆಜ್ಜೆಯೂ ತಪ್ಪಲಿಲ್ಲ. ಗುಂಡಿಯ ಅಗಲಕ್ಕೆ ಅದರ ದಪ್ಪವನ್ನೂ ಕೂಡಿಸಿ ಅರ್ಧ ಇಂಚಿನ ಚಾಕು ಹಾಕಿದಳು. ಪ್ರತಿ ಎರಡು ಅಂಗಿಗೊಮ್ಮೆ ಅಡಿಯ ದಾರದ ಬಾಬಿನ್ ತೆಗೆದು ನೋಡಿದಳು. ಅಡಿಯ ದಾರ ಮುಗಿದದ್ದು ಚಾಕುವಿಗೆ ತಿಳಿಯದು, ಹೊಲಿಗೆಯಿಲ್ಲದಿದ್ದರೂ ಅದು ಬೀಳುತ್ತದೆ. ಕರೆಂಟು ಕುಗ್ಗಿ ಬಲ್ಬು ಮಂಕಾದಾಗ ಮೆಷಿನ್ ನಿಲ್ಲಿಸಿ ಕೈಕಟ್ಟಿ ಕೂತಳು. ಸಂಜೆಯ ಬೆಳಕು ಇರುವಾಗಲೇ ಇಪ್ಪತ್ನಾಲ್ಕೂ ಮುಗಿದವು. ಜಂಬ ಬಂತು.

ಅಮ್ಮ ಒಂದು ಅಂಗಿ ಎತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ ಗುಂಡಿ ಹಾಕಿದಳು. ಕಾಲರಿನ ಕೆಳಗೆ ಬಟ್ಟೆ ಉಬ್ಬಿ ನಿಂತಿತು. ಕೆಳಗೆ ಒಂದು ಅಂಚು ಇನ್ನೊಂದಕ್ಕಿಂತ ಕಾಲು ಇಂಚು ಉದ್ದ.

"ಚುಕ್ಕೇನ ನೀನು ಏನಂದ್ಕೊಂಡೆ?" ಎಂದಳು.

"ಕಾಜಾದ ಮಧ್ಯ. ಇನ್ನೇನು?"

"ಅಯ್ಯೋ ಹುಚ್ಚಿ. ಟೈಲರಣ್ಣನ ಚುಕ್ಕೆ ಅಂದ್ರೆ ಗುಂಡಿ ಕೂರೋ ಜಾಗ ಕಣೇ. ಅಲ್ಲಿಂದ ಕೆಳಕ್ಕೆ ಸೀಳಬೇಕು."

ಮಗಳು ಅಂಗಿ ಕಿತ್ತುಕೊಂಡು ಕಾಜಾ ಅಳೆದು ನೋಡಿದಳು. ಕಾರ್ಖಾನೆಯಲ್ಲಿ ಗುರುತೆಂದರೆ ನಡು. ಬೇರೆ ಅರ್ಥ ಇರಬಹುದು ಎಂದು ಆರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಕಾಲರಿನ ಅಡ್ಡ ಕಾಜಾಕ್ಕೆ ಆತ ಪೂರ್ತಿ ಗೆರೆ ಎಳೆದಿದ್ದರಿಂದ ಅದೊಂದು ಸರಿ ಬಿದ್ದಿತ್ತು, ಮಿಕ್ಕ ಆರೂ ಕಾಲು ಇಂಚು ಮೇಲೆ. ಕೆಟ್ಟ ಹೊಲಿಗೆಯನ್ನು ಬಿಚ್ಚಬಹುದು, ಸೀಳಿದ ಬಟ್ಟೆಯನ್ನು ಕೂಡಿಸಲಾಗದು. ಪೆಟ್ಟಿಗೆಯಲ್ಲಿದ್ದ ಕಂದು ಲಕೋಟೆ ನೆನಪಾಗಿ ಅವಳಿಗೆ ಅಳು ಬಂತು, ಅತ್ತಳು.

ಅಮ್ಮ ಅಳುವುದಕ್ಕೆ ಬಿಟ್ಟಳು. ಆಮೇಲೆ, "ಎಲ್ಲಾ ಒಂದೇ ಸಮ ತಪ್ಪಿದ್ಯಲ್ಲ, ಅದೇ ಪುಣ್ಯ. ತೂತು ಕದಲಲ್ಲ, ಗುಂಡಿ ಕದಲುತ್ತೆ" ಎಂದಳು.

ಆರು ಇಪ್ಪತ್ನಾಲ್ಕಲಿ ನೂರ ನಲವತ್ನಾಲ್ಕು ಗುಂಡಿ. ಮಂಕು ಬಲ್ಬಿನಲ್ಲಿ ಗುರುತು ಕಾಣದೆಂದು, ಬೆಳಗಿನ ಮೊದಲ ಬೆಳಕಿಗೆ ಕೂತರು. ಮಗಳು ಹಳೆಯ ದಾರ ಕತ್ತರಿಸಿ, ಗುಂಡಿಗಳನ್ನು ಡಬ್ಬಕ್ಕೆ ಹಾಕಿ, ಕಾಲು ಇಂಚು ಮೇಲೆ ಗುರುತಿಟ್ಟು, ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಡುತ್ತಿದ್ದಳು. ಅಮ್ಮ ಹೊಲಿಯುತ್ತಿದ್ದಳು. ಗುಂಡಿ ಹೊಲಿಯಲು ಅಮ್ಮನಿಗೆ ಕಣ್ಣು ಬೇಕಿರಲಿಲ್ಲ, ಬೆರಳೇ ಸಾಕಿತ್ತು. ಅವಳ ವೇಗ ನೋಡಿ ಮಗಳಿಗೆ ಹೆಮ್ಮೆಯಾಯಿತು. ಒಂಬತ್ತೂವರೆಗೆ ಕೊನೆಯ ಗುಂಡಿ ಕೂತಿತು.

ನಾಳೆ ಟೈಲರ್ ಹೇಳಿದ ಹೊತ್ತಿಗೆ ಬಂದದ್ದು ಬಹುಶಃ ಅವನ ಜೀವನದಲ್ಲೇ ಮೊದಲು. ಅಂಗಿ ಬಿಡಿಸಿ, ಗುಂಡಿ ಹಾಕಿ, ಅಂಚಿಗೆ ಅಂಚು ಹಿಡಿದ. ಸಮ ಇತ್ತು. ಕಾಜಾ ಎಳೆದು ನೋಡಿದ. ಒಂದೆಳೆಯೂ ಬಿಚ್ಚಲಿಲ್ಲ. ಇನ್ನೇನು ಗಂಟು ಕಟ್ಟಬೇಕು, ಅಮ್ಮ ಮಗಳ ಕಡೆ ಸುಮ್ಮನಿರೆಂದು ಕಣ್ಣು ಮಾಡಿದಳು.

ಮಗಳಿಗೆ ಸುಮ್ಮನಿರಲು ಆಗಲಿಲ್ಲ. "ಟೈಲರ್ ಮಾಮ, ನಾನು ತಪ್ಪು ಮಾಡಿದ್ದೆ. ನಿಮ್ಮ ಚುಕ್ಕೆ ಅರ್ಥ ಆಗ್ಲಿಲ್ಲ. ಗುಂಡಿ ಎಲ್ಲಾ ಮೇಲಕ್ಕೆ ಬದಲಾಯಿಸಿದ್ದೀವಿ."

"ಗೊತ್ತು" ಎಂದ ಆತ. "ನಮ್ಮನೆಯವಳು ದಾರ ಅಡ್ಡಡ್ಡ ಹಾಕ್ತಾಳೆ, ಇದು ನೆಟ್ಟಗಿದೆ. ಬಾಯಿ ಬಿಡ್ತೀಯೋ ಇಲ್ವೋ ಅಂತ ನೋಡ್ತಿದ್ದೆ."

ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವಳ ಮುಂದೆ ಹಿಡಿದ. "ಮೂವತ್ತು ವರ್ಷದಿಂದ ಚುಕ್ಕೇನೇ ಇಟ್ಟಿದ್ದೀನಿ. ನಿನ್ನ ಮೆಷಿನ್ನಿಗೆ ಹೇಗ್ ಬೇಕು, ತೋರಿಸು."

"ಪೂರ್ತಿ ಗೆರೆ ಬೇಕು ಮಾಮ. ಇಲ್ಲಿಂದ ಇಲ್ಲಿಗೆ. ನಾಲ್ಕೂ ಅಂಗಡಿಗೆ ಒಂದೇ ಥರ."

"ನಾಲ್ವರು ಟೈಲರ್ರು ಒಂದೇ ಥರ ಗೆರೆ ಎಳೆದ ಕಥೆ ಎಲ್ಲಾದ್ರೂ ಕೇಳಿದ್ದೀಯಾ?"

ಆತ ನಕ್ಕ. ಅವಳು ಎದ್ದು ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಕಂದು ಲಕೋಟೆ ತಂದು, ಒಳಗಿದ್ದ ಕಾಗದವನ್ನು ಪಕ್ಕಕ್ಕೆ ಹಾಕಿ, ಲಕೋಟೆಯ ದಪ್ಪ ಬೆನ್ನನ್ನು ಉದ್ದುದ್ದ ಕತ್ತರಿಸಿ ನಾಲ್ಕು ಪಟ್ಟಿ ಮಾಡಿದಳು. ಅಂಗಿಯ ಮೇಲೆ ಒಂದನ್ನು ಇಟ್ಟು, ಆರು ಕಾಜಾದ ಜಾಗ ಅಳೆದು, ಪೆನ್ಸಿಲ್ ತೂರುವಷ್ಟು ಸಣ್ಣ ಸೀಳುಗಳನ್ನು ಬ್ಲೇಡಿನಿಂದ ಕೊರೆಯತೊಡಗಿದಳು. ಪಟ್ಟಿ ಇಟ್ಟು ಪೆನ್ಸಿಲ್ ಎಳೆದರೆ ಸಾಕು, ಯಾರ ಕೈಯಾದರೂ ಗೆರೆ ಒಂದೇ.

ಅಮ್ಮ ಬಗ್ಗಿ ನೋಡಿದಳು. "ಅದು ಫ್ಯಾಕ್ಟರಿಯವರ ಲಕೋಟೆ ಅಲ್ವೇನೆ? ನಾಡಿದ್ದು ಕಳಿಸಬೇಕು ಅಂದಿದ್ದೆ?"

"ಹೂಂನಮ್ಮ, ಅದೇ" ಎಂದಳು ಮಗಳು, ತಲೆ ಎತ್ತದೆ. "ಆ ಗುಂಡಿ ಡಬ್ಬ ಇತ್ತ ಕೊಡು. ಗುಂಡಿ ಕೆಲಸ ಎಲ್ಲಾ ಇನ್ಮೇಲೆ ನಿಂದೇ."

ಅಮ್ಮ ಡಬ್ಬ ಕೊಡಲಿಲ್ಲ. ಅದನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು, ಮಗಳ ಪಕ್ಕಕ್ಕೆ ಚಾಪೆ ಎಳೆದುಕೊಂಡು ಕೂತಳು.