ನನ್ನ ದರದ ಮೇಲೆ ಇನ್ನೊಬ್ಬರ ಕೈ

ಕೊಟ್ಟೂರಿನ ನಮ್ಮ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನಾನು ದನಿ ಎತ್ತಿದ್ದು ಒಂದೇ ಸಲ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಾಚಿಕೆಯಿಂದಲ್ಲ, ಇನ್ನೂ ನಾಲ್ಕು ಮಾತು ಹೇಳಬೇಕಿತ್ತಲ್ಲ ಅಂತ.

ಅಂಗಡಿ ನನ್ನ ಗಂಡ ಮತ್ತು ಅವರ ಅಣ್ಣನದು. ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಪಂಪುಗಳ ಬಿಡಿಭಾಗ ಮಾರುತ್ತೇವೆ. ನಾಜಲ್, ವಾಷರ್, ಪೈಪು, ಬ್ಯಾಟರಿ, ಮೋಟರ್. ಗಲ್ಲಾದ ಮೇಲೆ ಕೂಡುವವರು ಭಾವ. ನನ್ನ ಗಂಡ ಗಾಡಿ ತಗೊಂಡು ಹಡಗಲಿ, ಕೂಡ್ಲಿಗಿ ಕಡೆ ಮೆಕ್ಯಾನಿಕರಿಗೆ ಮಾಲು ಕೊಟ್ಟುಬರುತ್ತಾರೆ. ನಾನು ಹರಪನಹಳ್ಳಿಯಿಂದ ಬಂದ ಸೊಸೆ, ಕಂಪ್ಯೂಟರ್ ಡಿಪ್ಲೊಮಾ ಓದಿದವಳು. ಮದುವೆಯಾದ ಹೊಸತರಲ್ಲಿ ದಾವಣಗೆರೆ ಕಡೆಯ ನನ್ನ ಮಾತು ಕೇಳಿ "ಇಕಿ ದಾವಣಗೆರೆಯಾಕಿ" ಅಂತ ಮನೆಯವರೆಲ್ಲ ನಗುತ್ತಿದ್ದರು. ಓದಿನ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ.

ಮಾಲನ್ನು ಆನ್‌ಲೈನ್‌ನಲ್ಲೂ ಮಾರೋಣ ಅಂದವಳು ನಾನೇ. ಒಂದೊಂದು ಭಾಗದ ಫೋಟೊ ತೆಗೆದು, ಯಾವ ಪಂಪಿಗೆ ಕೂಡುತ್ತದೆ ಅಂತ ಬರೆದು ಹಾಕಿದೆ. ನೂರಾರು ಸಾಮಾನು ಆದವು. ದೂರದೂರದ ಜಿಲ್ಲೆಗಳಿಂದ ಆರ್ಡರ್ ಬರತೊಡಗಿದವು. ಆದರೆ ಅದೇ ನಾಜಲ್ ಇಲ್ಲಿ ಗಲ್ಲಾದ ಮೇಲೂ ಮಾರಾಟವಾಗುತ್ತದೆ. ಭಾವ ಕೊನೆಯ ಡಬ್ಬಿ ರೈತರ ಕೈಗೆ ಕೊಟ್ಟ ಮೇಲೂ ಆನ್‌ಲೈನ್‌ನಲ್ಲಿ ಅದು "ಸ್ಟಾಕ್ ಇದೆ" ಅಂತಲೇ ಕುಂತಿರುತ್ತಿತ್ತು. ಕಂಪನಿಯವರು ದರ ಏರಿಸಿದರೆ ಒಂದೊಂದೇ ಪುಟ ತೆರೆದು ತಿದ್ದಬೇಕಿತ್ತು. ಮುಗಿಸುವಷ್ಟರಲ್ಲಿ ಮೊದಲು ತಿದ್ದಿದ್ದು ಮತ್ತೆ ಹಳತಾಗಿರುತ್ತಿತ್ತು.

ಹಾಗಾಗಿ ಎಪಿಐ ಕಲಿತೆ. ಮಾರಾಟಗಾರರ ಪ್ರೋಗ್ರಾಮುಗಳಿಗೆಂದೇ ಆ ಮಾರಾಟತಾಣದವರು ಇಟ್ಟಿರುವ ಬಾಗಿಲು ಅದು. ಮನುಷ್ಯರು ಪುಟ ತೆರೆದು ಬರೆಯುವುದನ್ನು ಪ್ರೋಗ್ರಾಮು ನೇರವಾಗಿ ಕಳಿಸಬಹುದು. ನಾನು ಬರೆದ ಪ್ರೋಗ್ರಾಮು ಸ್ವಲ್ಪ ಹೊತ್ತಿಗೊಮ್ಮೆ ಅಂಗಡಿಯ ಬಿಲ್ಲಿಂಗ್ ನೋಡಿ, ಯಾವ ಸಾಮಾನು ಎಷ್ಟು ಉಳಿದಿದೆ, ಇವತ್ತಿನ ದರ ಏನು ಅಂತ ಎಲ್ಲವನ್ನೂ ಒಂದು ಕಂತೆ ಮಾಡಿ ಕಳಿಸುತ್ತಿತ್ತು. "ಸ್ವೀಕರಿಸಿದ್ದೇವೆ" ಅಂತ ಕೂಡಲೇ ಒಂದು ನಂಬರ್ ಬರುತ್ತಿತ್ತು. ಸ್ವೀಕರಿಸಿದರು ಅಂದಮಾತ್ರಕ್ಕೆ ಕೆಲಸ ಆಯಿತು ಅಂತಲ್ಲ. ಕಂತೆಯಲ್ಲಿ ಕೆಲವು ಪಾಸಾಗಿ ಕೆಲವು ಬಿದ್ದಿರಬಹುದು. ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟು ಆ ನಂಬರ್ ಕೊಟ್ಟು ಒಂದೊಂದು ಸಾಮಾನಿನ ಫಲಿತಾಂಶ ಕೇಳಬೇಕು. ನನ್ನ ಪ್ರೋಗ್ರಾಮು ಅದನ್ನೂ ಕೇಳುತ್ತಿತ್ತು. ಕಲಿಯಲು ತಿಂಗಳುಗಳೇ ಹಿಡಿದವು. ಭಾವ ಅದಕ್ಕೆ ಇಟ್ಟ ಹೆಸರು "ಮೊಬೈಲ್ ಆಟ".

ಆಮೇಲೆ ಒಂದು ಬೇಸಿಗೆಯಲ್ಲಿ ಎಲ್ಲ ಅಡ್ಡದಾರಿ ಹಿಡಿಯಿತು. ಖಾಲಿಯಾದ ಸಾಮಾನುಗಳಿಗೆ ಆರ್ಡರ್ ಬರತೊಡಗಿತು. ಹಿತ್ತಾಳೆ ನಾಜಲ್‌ನ ದರ ನಾವು ಕೊಂಡ ದರಕ್ಕಿಂತ ಕೆಳಗೆ ಇಳಿದಿತ್ತು. ನಾನು ಸರಿಯಾದ ದರ ಕಳಿಸಿದರೆ ಮಧ್ಯಾಹ್ನದೊಳಗೆ ಮತ್ತೆ ಇಳಿದಿರುತ್ತಿತ್ತು. ಆರ್ಡರ್ ರದ್ದು ಮಾಡಿ ಮಾಡಿ, ರದ್ದತಿ ಮಿತಿ ಮೀರುತ್ತಿದೆ ಅಂತ ತಾಣದವರಿಂದ ಎಚ್ಚರಿಕೆ ಬಂತು.

"ನಿನ್ನ ಪ್ರೋಗ್ರಾಮು ಕೆಟ್ಟೈತಿ," ಅಂದರು ಭಾವ, ಊಟದ ತಾಟಿನ ಮುಂದೆ. "ನಮ್ಮಪ್ಪನ ಕಾಲದಾಗ ಇಂಥಾವು ಏನರ ಇದ್ದುವೇನು?"

ನನ್ನ ಗಂಡ ರೊಟ್ಟಿ ಮುರಿಯುತ್ತ ಕುಂತಿದ್ದರು. ನಾನು ಎದ್ದುಹೋಗಿ ನನ್ನ ಕೋಡನ್ನೇ ಮತ್ತೆ ಮತ್ತೆ ಓದಿದೆ. ತಪ್ಪು ಸಿಗಲಿಲ್ಲ. ಕಳಿಸಿದ್ದೆಲ್ಲ ಸರಿ ಇತ್ತು, ಫಲಿತಾಂಶವೂ ಪಾಸು ಅಂತಲೇ ಇತ್ತು.

ಆಗಲೇ ಹಡಗಲಿಯ ಮೆಕ್ಯಾನಿಕ್ ಬಂದದ್ದು. ಅಲ್ಲಿಯ ಬಸ್‌ಸ್ಟ್ಯಾಂಡ್ ಹತ್ತಿರ ಅವರದು ಚಿಕ್ಕ ಅಂಗಡಿ, ಪಂಪು ರಿಪೇರಿ ಕೆಲಸ, ಅವರ ತಂದೆಯೂ ಅದನ್ನೇ ಮಾಡುತ್ತಿದ್ದರು. ಮಲ್ಲಿಗೆ ತೋಟದವರ ಪಂಪೊಂದಕ್ಕೆ ಹೆಚ್ಚು ಒತ್ತಡ ಕೊಡುವ ಡಬಲ್ ಮೋಟರ್ ಬೇಕು ಅಂತ ಫೋನ್ ಮಾಡಿದ್ದರು. ಉಳಿದಿದ್ದ ಒಂದೇ ಒಂದನ್ನು ನಾನೇ ಅವರ ಹೆಸರಿಗೆ ಬಿಲ್ ಮಾಡಿ ಕಪಾಟಿನಲ್ಲಿ ತೆಗೆದಿಟ್ಟಿದ್ದೆ. ಬಿಲ್ಲಿಂಗ್‌ನಲ್ಲಿ ಸೊನ್ನೆ ಆಯಿತು, ನನ್ನ ಪ್ರೋಗ್ರಾಮು ಸೊನ್ನೆ ಅಂತಲೇ ಕಳಿಸಿತು. ಆದರೂ ಆನ್‌ಲೈನ್‌ನಲ್ಲಿ ಅದು ಮತ್ತೆ ಜೀವ ಬಂದು ಕುಂತಿತ್ತು. ಆರ್ಡರ್ ಬಂತು. ಇನ್ನೊಂದು ರದ್ದಾದರೆ ಖಾತೆಗೇ ಪೆಟ್ಟು ಅಂತ ಹೆದರಿ ಭಾವ ಆ ಮೋಟರನ್ನೇ ಪಾರ್ಸಲ್ ಮಾಡಿಬಿಟ್ಟಿದ್ದರು.

ಮೆಕ್ಯಾನಿಕ್ ಬಿಸಿಲಲ್ಲಿ ಬಸ್ಸಿಳಿದು ಬಂದು ನಿಂತರು.

"ನನಗಂತ ತೆಗದಿಟ್ಟಿದ್ದು ಎಲ್ಲಿ ಹೋತ್ರಿ ಸಾವ್ಕಾರ? ತೋಟದವ್ರು ಮುಂಜಾನಿಂದ ಕಾಯಾಕ್ಹತ್ಯಾರ. ಮೊಗ್ಗಿಗಿ ಹುಳ ಬಿದ್ದೈತಿ."

ಭಾವ ನನ್ನ ಕಡೆ ಗದ್ದ ತಿರುವಿದರು. "ನಮ್ಮ ಮನಿ ಹೆಣ್ಮಗಳು ಕಂಪ್ಯೂಟರ್‌ನ್ಯಾಗ ಏನೋ ಒತ್ತ್ಯಾಳ್ರಿ. ಏನ್ ಮಾಡಾದು, ಹೇಳಿದ್ರ ಕೇಳಂಗಿಲ್ಲ."

ಅಂಗಡಿ ತುಂಬ ಜನ. ಎಲ್ಲರೂ ನನ್ನನ್ನೇ ನೋಡಿದರು. ಮೆಕ್ಯಾನಿಕ್ ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಅವತ್ತೇ ನನ್ನ ಪ್ರೋಗ್ರಾಮನ್ನು ಪೂರ್ತಿ ನಿಲ್ಲಿಸಿದೆ. ತಪ್ಪು ನನ್ನದೇ ಆಗಿದ್ದರೆ ಇನ್ನು ದರ ಅಲುಗಾಡಬಾರದು. ಹಿತ್ತಾಳೆ ನಾಜಲ್‌ನ ದರವನ್ನು ಕೈಯಿಂದ ಸರಿಮಾಡಿ, ಆಗಾಗ ಎಪಿಐಯಿಂದ ಓದಿ ನೋಡುತ್ತ ಕುಂತೆ. ಮೊದಲು ಸರಿ ಇತ್ತು. ಚಾ ಕುಡಿದು ಬಂದು ಓದಿದೆ. ಇಳಿದಿತ್ತು. ನನ್ನ ಪ್ರೋಗ್ರಾಮು ಮಲಗಿದೆ, ದರ ಇಳಿದಿದೆ. ಅಂದರೆ ಬರೆಯುವ ಕೈ ಇನ್ನೊಂದಿದೆ.

ಖಾತೆಯ ಸೆಟ್ಟಿಂಗ್ಸ್‌ನಲ್ಲಿ, ನಮ್ಮ ಪರವಾಗಿ ಎಪಿಐ ಬಳಸಲು ಯಾವ ಯಾವ ಆ್ಯಪ್‌ಗೆ ಒಪ್ಪಿಗೆ ಕೊಟ್ಟಿದ್ದೇವೆ ಅಂತ ತೋರಿಸುತ್ತಾರೆ. ಅಲ್ಲಿ ನನ್ನದರ ಕೆಳಗೆ ಇನ್ನೊಂದಿತ್ತು. ಯಾವುದೋ ಏಜೆನ್ಸಿಯದು. ಅಂಥ ಒಪ್ಪಿಗೆ ಕೊಡಲು ಖಾತೆಯ ಮುಖ್ಯ ಲಾಗಿನ್ ಬೇಕು. ಅದರ ಓಟಿಪಿ ಬರುವುದು ಭಾವನ ಫೋನಿಗೆ.

ಮರುದಿನ ಆ ಏಜೆನ್ಸಿಗೆ ಫೋನ್ ಮಾಡಿದೆ. ಎತ್ತಿದವನು ನನ್ನ ಅರ್ಧ ಮಾತು ಕೇಳಿ, "ಮನ್ಯಾಗ ಗಂಡಸ್ರು ಅದಾರೇನ್ರಿ? ಅವ್ರಿಗೆ ಫೋನ್ ಕೊಡ್ರಿ" ಅಂದ.

"ಆ ಖಾತಿ ನಡಸಾಕಿ ನಾನು. ನನಗ ಹೇಳು."

ಬಾಯಿಬಿಟ್ಟ. ಅವರ ಆ್ಯಪ್ ಉಳಿದ ಮಾರಾಟಗಾರರ ದರ ನೋಡಿ, ಎಲ್ಲರಿಗಿಂತ ಸ್ವಲ್ಪ ಕೆಳಗೆ ನಮ್ಮ ದರ ಇಡುತ್ತದಂತೆ. ಅವರು ಇಳಿಸಿದರೆ ನಾವೂ ಇಳಿಸುವುದು.

"ಇದಕ್ಕಿಂತ ಕೆಳಗ ಹೋಗಬ್ಯಾಡ ಅಂತ ಒಂದು ಮಿತಿ ಇರ್ತೈತಲ್ಲ, ಅದನ್ನ ಹಾಕಿಲ್ಲೇನು?"

"ಅದು ನೀವು ಕೊಡ್ಬೇಕಿತ್ರಿ. ಯಜಮಾನ್ರು ಏನೂ ಹೇಳ್ಲಿಲ್ಲ."

"ಸ್ಟಾಕು?"

"ಶುರುವಿಗೆ ಒಂದು ಎಕ್ಸೆಲ್ ಕೊಟ್ಟಿದ್ರಲ್ರಿ, ಅದನ್ನ ಕಳಸ್ತೈತಿ."

ಆ ಎಕ್ಸೆಲ್ ಯಾವುದೋ ಹಳೆಯ ಲೆಕ್ಕ. ತಾಣಕ್ಕೆ ಯಾವ ಪ್ರೋಗ್ರಾಮೇ ಆಗಲಿ ಕಳಿಸುವುದು "ಇಷ್ಟು ಕಮ್ಮಿಯಾಯಿತು" ಅಂತಲ್ಲ, "ಇಷ್ಟು ಇದೆ" ಅಂತ. ಯಾರು ಕೊನೆಗೆ ಕಳಿಸುತ್ತಾರೋ ಅವರ ಅಂಕಿಯೇ ನಿಲ್ಲುತ್ತದೆ. ನಾನು ಸೊನ್ನೆ ಅಂದರೆ ಅವರ ಆ್ಯಪ್ ಬಂದು ಐದು ಅನ್ನುತ್ತಿತ್ತು. ತಾಣದವರು ಇಬ್ಬರಿಗೂ ಪಾಸು ಅನ್ನುತ್ತಿದ್ದರು. ಅವರಿಗೇನು ಗೊತ್ತು, ಯಾರದು ನಿಜ ಅಂತ.

ಫೋನ್ ಇಟ್ಟು ಮನೆಯಿಂದ ನೆಟ್ಟಗೆ ಅಂಗಡಿಗೆ ಹೋದೆ. ಭಾವನ ಎದುರು ನಿಂತು ಮಾತಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಏನಾದರೂ ಹೇಳಬೇಕಿದ್ದರೆ ಗಂಡನ ಮೂಲಕ ಇಲ್ಲವೇ ಅತ್ತೆಯ ಮೂಲಕ. ಅವತ್ತು ಗಲ್ಲಾದ ಮುಂದೆ ನಿಂತೆ.

"ಆ ಏಜೆನ್ಸಿಗೆ ಒಪ್ಪಿಗಿ ಕೊಟ್ಟವ್ರು ಯಾರ್ರಿ ಭಾವಾರ?"

ಭಾವ ತಲೆ ಎತ್ತಲಿಲ್ಲ. "ಹಗರಿಬೊಮ್ಮನಹಳ್ಳ್ಯಾಗ ಡೀಲರ್ ಮೀಟಿಂಗಿನ್ಯಾಗ ಸಿಕ್ಕಿದ್ದ. ದೊಡ್ಡ ದೊಡ್ಡ ಅಂಗಡಿಯವ್ರಿಗೆ ಮಾಡಿಕೊಟ್ಟಾನಂತ. ಒಬ್ಬ ತಿಳದಾವ ಇರ್ಲಿ ಅಂತ ಕೊಟ್ಟೆ."

"ನನಗೊಂದು ಮಾತು ಹೇಳಬೇಕಿತ್ತಲ್ರಿ."

"ನಿನಗ್ಯಾಕ ಹೇಳ್ಬೇಕು? ಅಂಗಡಿ ನಮ್ಮದು."

"ಹಂಗಾರ ನಿನ್ನೆ ಎಲ್ಲಾರ ಮುಂದ ತಪ್ಪು ನನ್ನದ್ಯಾಕ ಮಾಡಿದ್ರಿ?" ನನ್ನ ದನಿ ರಸ್ತೆಗೂ ಕೇಳಿರಬೇಕು. "ಅಂಗಡಿ ನಿಮ್ಮದು, ತಪ್ಪು ನಂದು? ನಾ ಒತ್ತಿದ್ದಲ್ಲ ಅದು, ನೀವು ಒತ್ತಿದ್ದು! ನಿಮ್ಮ ಫೋನಿಗಿ ಬಂದ ಓಟಿಪಿ ಅದು!"

"ಮನಿ ಮಾತು ಮನ್ಯಾಗ," ಅಂದರು ಭಾವ, ಹಲ್ಲು ಕಚ್ಚಿ.

"ನಿನ್ನೆ ಮನ್ಯಾಗ ಅಂದ್ರೇನು ನೀವು?"

ಆಗ ತಾನೇ ಗಾಡಿ ನಿಲ್ಲಿಸಿ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು. "ಹೋಗ್ಲಿ ಬಿಡು," ಅಂದರು, ನನಗೆ. ಅಣ್ಣನಿಗಲ್ಲ. ಆ ಒಂದು ಮಾತಿಗೆ ಬಂದ ಸಿಟ್ಟು ಭಾವನ ಮೇಲೂ ಬಂದಿರಲಿಲ್ಲ.

"ಫೋನ್ ಕೊಡ್ರಿ," ಅಂದೆ. ಕೈ ಚಾಚಿಕೊಂಡೇ ನಿಂತೆ. ಜನ ನೋಡುತ್ತಿದ್ದರು. ಕೊನೆಗೆ ಭಾವ ಫೋನನ್ನು ಗಲ್ಲಾದ ಮೇಲೆ ತಳ್ಳಿದರು. ಅಲ್ಲೇ ನಿಂತು ಏಜೆನ್ಸಿಯ ಒಪ್ಪಿಗೆ ಕಿತ್ತುಹಾಕಿದೆ. ಆಮೇಲೂ ಒಂದು ಸಲ ದರ ಇಳಿಯಿತು. ಒಪ್ಪಿಗೆ ಹೋದರೂ ಅವರ ಕೈಯಲ್ಲಿರುವ ಪ್ರವೇಶದ ಟೋಕನ್ ತನ್ನ ಅವಧಿ ಮುಗಿಯುವ ತನಕ, ಒಂದು ತಾಸಿನಷ್ಟು, ನಡೆಯುತ್ತದೆ. ಅದು ಸತ್ತ ಮೇಲೆ ನನ್ನ ಪ್ರೋಗ್ರಾಮು ಶುರುಮಾಡಿ ಎಲ್ಲ ಸಾಮಾನಿನ ಸ್ಟಾಕು, ದರ ಹೊಸದಾಗಿ ಕಳಿಸಿದೆ. ಒಂದೊಂದಕ್ಕೂ ಕೆಳಗಿನ ಮಿತಿ ಹಾಕಿದೆ. ಕಳಿಸಿದ ಮೇಲೆ ಮತ್ತೆ ಓದಿ, ಬೇರೆ ಅಂಕಿ ಕಂಡರೆ ನನಗೆ ಮೆಸೇಜ್ ಬರುವ ಹಾಗೆ ಮಾಡಿದೆ.

ಕಮ್ಮಿ ದರದಲ್ಲಿ ಬಂದ ಆರ್ಡರ್‌ಗಳನ್ನೆಲ್ಲ ರದ್ದು ಮಾಡು ಅಂದರು ಭಾವ. ಮಾಡಲಿಲ್ಲ. ಖಾತೆ ಮುಚ್ಚಿಹೋಗುತ್ತಿತ್ತು. ಮಾಲು ಇದ್ದವನ್ನೆಲ್ಲ ಅದೇ ದರಕ್ಕೆ ಕಳಿಸಿದೆವು. ತಾಣದವರಿಗೆ ನಡೆದದ್ದನ್ನು ಬರೆದೆ. ಉತ್ತರವಾಗಿ ಎಲ್ಲರಿಗೂ ಕಳಿಸುವ ಅದೇ ಅಚ್ಚಿನ ಮಾತು ಮೂರು ನಾಲ್ಕು ಸಲ ಬಂತು. ಬಿಡದೆ ಬರೆದ ಮೇಲೆ ಎಚ್ಚರಿಕೆ ತೆಗೆದರು.

ದಾವಣಗೆರೆಯಿಂದ ಮೋಟರ್ ತರಿಸಿ, ನಾನೇ ಬಸ್ಸು ಹತ್ತಿ ಹಡಗಲಿಗೆ ಹೋದೆ. ಮೆಕ್ಯಾನಿಕ್ ಮೋಟರ್ ತಿರುಗಿಸಿ ನೋಡುತ್ತಿದ್ದರು. "ಅವತ್ತು ಭಾವ ಹೇಳಿದ್ದು ಸುಳ್ಳು. ಅದು ನನ್ನ ತಪ್ಪಲ್ಲ," ಅಂದೆ.

"ಇರ್ಲಿ ಬಿಡ್ರಿ ಅಕ್ಕಾರ, ಮಾಲು ಬಂತಲ್ಲ."

"ಇರ್ಲಿ ಅಲ್ರಿ. ನಿಮಗ ಗೊತ್ತಿರಬೇಕು."

ಅವರು ಮೋಟರ್ ಕೆಳಗಿಟ್ಟರು. "ಯಾರ ತಪ್ಪಾದ್ರೂ ತೋಟದವ್ರು ಬೈದಿದ್ದು ನನಗ. ಬ್ಯಾರೆ ಪಂಪು ಬಾಡಿಗಿ ತಂದು ಹೊಡದ್ರು. ಆದ್ರ ನೀವು ಇಷ್ಟು ದೂರ ಬಂದು ಹೇಳಿದ್ರಿ, ನಂಬಿದೆ." ಆಮೇಲೆ ಸ್ಪಾನರ್ ಹುಡುಕುತ್ತ, "ನಿಮ್ಮ ಭಾವಾರಿಂದ ಫೋನ್ ಬರ್ಲಿಲ್ಲ ನೋಡ್ರಿ," ಅಂದರು.

ಈಗ ಮುಖ್ಯ ಲಾಗಿನ್ ನನ್ನ ನಂಬರಿಗಿದೆ. ಭಾವನಿಗೆ ಆರ್ಡರ್ ನೋಡಲು ಮಾತ್ರ ಬರುತ್ತದೆ, ಏನನ್ನೂ ಬದಲಿಸಲು ಬರುವುದಿಲ್ಲ. ಅದಕ್ಕೆ ಅವರು ಒಪ್ಪಿದ್ದು ಸಿಟ್ಟಿನಲ್ಲೇ. ತಪ್ಪಾಯಿತು ಅನ್ನುವ ಮಾತು ಇವತ್ತಿನ ತನಕ ಬಂದಿಲ್ಲ. ಬೇರೆ ವ್ಯಾಪಾರಿಗಳ ಮುಂದೆ ಮಾತ್ರ, "ನಾವು ಎಲ್ಲಾ ಆಟೋಮ್ಯಾಟಿಕ್ ಮಾಡೀವ್ರಿ" ಅನ್ನುತ್ತಾರೆ.

ಮೊನ್ನೆ ಇನ್ನೊಬ್ಬ ಏಜೆನ್ಸಿಯವನು ಬ್ಯಾಗು ಹಿಡಿದು ಬಂದಿದ್ದ. ಭಾವ ನನ್ನ ಕಡೆ ನೋಡದೆ, "ಆಕಿನ್ನ ಕೇಳ್ರಿ" ಅಂದರು. ನಿಮ್ಮ ಆ್ಯಪ್ ಸ್ಟಾಕನ್ನು ಎಲ್ಲಿಂದ ಓದುತ್ತದೆ ಅಂತ ಕೇಳಿದೆ. ಅವನು ಬ್ರೋಷರ್ ತಿರುವಿದ. ಬೇಡ ಅಂದೆ. ಅವನು ಎದ್ದು ಹೊರಡುವಾಗ ಭಾವ ಕೂರಿಸಿ, ಪಕ್ಕದ ಹೋಟೆಲಿನಿಂದ ಎರಡು ಚಾ ತರಿಸಿದರು. ಒಂದು ಅವನಿಗೆ, ಒಂದು ತಮಗೆ.