ಅರ್ಧ ಮಾತಿನ ಸೂಗಮ್ಮ

"ಸೂಗಮ್ಮಗ ಅರ್ಧ ಮಾತು ಸಾಕು, ಉಳಿದರ್ಧ ಆಕೀನೇ ಕಟ್ಕೋತಾಳ." ರಾಯಚೂರಿನ ಆ ಓಣಿಯಲ್ಲಿ ನೆರೆಹೊರೆಯವರು ಹೀಗೆ ಹೇಳುತ್ತಿದ್ದರು. ಇದು ಹೊಗಳಿಕೆಯೋ ಕುಟುಕೋ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಸೂಗಮ್ಮ ಬಿಡಿಸಿ ಕೇಳುವವಳೂ ಅಲ್ಲ, ಹೊಗಳಿಕೆ ಎಂದೇ ಇಟ್ಟುಕೊಂಡಿದ್ದಳು.

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿ ನಿವೃತ್ತಳಾದ ಹೆಂಗಸು. ವಾರ್ಡನ್ ಬಾಗಿಲಲ್ಲಿ ನಿಂತು "ಸೂಗಮ್ಮ, ಇವತ್ತು..." ಎನ್ನುವಷ್ಟರಲ್ಲಿ ಉಪ್ಪಿಟ್ಟಿನ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು. ಹತ್ತನೆಯ ಸಲ ಹುಡುಗಿಯರು ಸುಮ್ಮನೆ ಉಣ್ಣುತ್ತಿದ್ದರು. ಹಾಗಾಗಿ ತಾನು ತಪ್ಪಿದ್ದು ಆಕೆಗೆ ಗೊತ್ತೇ ಆಗಿರಲಿಲ್ಲ. ಗಂಡ ತೀರಿದ ಮೇಲೆ ಖಾಸಿಂ ಬೀಯ ಎರಡು ಖೋಲಿಯ ಮನೆಯಲ್ಲಿ ಹತ್ತೊಂಬತ್ತು ವರ್ಷ ಬಾಡಿಗೆಗಿದ್ದಳು. ಸ್ವಂತ ಒಲೆ, ಸ್ವಂತ ಬಾಗಿಲು, ಯಾರ ಹಂಗೂ ಇಲ್ಲ.

ತಮ್ಮ ಹಂಪಯ್ಯ ದೇವದುರ್ಗದಲ್ಲಿ ಮೇಷ್ಟ್ರು. ಪ್ರತಿ ಭಾನುವಾರ ಫೋನು. ಆ ಭಾನುವಾರ ಮಾತು ಮೊಣಕಾಲಿನಿಂದ ಹೊರಟು ಮಾನ್ವಿಗೆ ಹೋಯಿತು. ಅಲ್ಲಿ ಅವರ ಚಿಕ್ಕಪ್ಪನ ಮಗಳು ಯಶೋದಾ ತನ್ನ ಕೂಸಿನ ಹೆಸರಿಡುವ ದಿನಕ್ಕೆ ಮನೆತನದ ತೊಟ್ಟಿಲು ಕೇಳಿದ್ದಳು. ತೊಟ್ಟಿಲು ಹಂಪಯ್ಯನ ಮನೆಯಲ್ಲಿತ್ತು.

"ಶಶಿಕಲಾನ ಕೇಳ್ತೀನಿ ತಡಿ. ಆಮ್ಯಾಲ ನೀ ಯಶೋದಾಗ ಹೇಳು," ಎಂದ. ಶಶಿಕಲಾ ಅವನ ಹೆಂಡತಿ.

ತೊಟ್ಟಿಲು ಅಟ್ಟದ ಮೇಲಿನ ಖೋಲಿಯಲ್ಲಿದ್ದುದರಿಂದ ಮಾತೂ ಮೇಲೆ ಹತ್ತಿತು. "ಯಕ್ಕಾ, ಒಬ್ಬಾಕಿ ಎಷ್ಟ ದಿನ ಇರ್ತಿ? ಆ ಖೋಲಿ ಖಾಲಿ ಮಾಡಸ್ತೀನಿ, ಇಲ್ಲೇ ಬಂದುಬಿಡು. ಶಶಿಕಲಾನ ಕೇಳ್ತೀನಿ. ಆಮ್ಯಾಲ ಖಾಸಿಂ ಬೀಬಿಗ ಹೇಳು."

"ಮೆಟ್ಲ ಕಣ್ಣಿಗಿ ಕಾಣಬೇಕಲ್ಲೋ ಹಂಪ್ಯಾ."

ಅಲ್ಲಿಂದ ಮಾತು ಕಣ್ಣಿಗೆ ಇಳಿಯಿತು. ಪೊರೆ ತೆಗೆಸಲು ದವಾಖಾನೆಯವರು ಶುಕ್ರವಾರ ಕೊಟ್ಟಿದ್ದರು. ಜೊತೆಗೆ ಮನೆಯವರೊಬ್ಬರು ಇರಬೇಕು, ಬರುವುದನ್ನು ಬುಧವಾರದೊಳಗೆ ತಿಳಿಸಬೇಕು.

"ಹೆಡ್ಮಾಸ್ಟ್ರಿಗಿ ರಜಾ ಕೇಳ್ತೀನಿ. ಆಮ್ಯಾಲ ದವಾಖಾನಿಗಿ ಹೇಳು."

ಮುಂದೆ ಮಾತು ಬದನೆಕಾಯಿಗೆ ಹೋಗಿ, ದೇವಸುಗೂರಿನ ಬಸ್ಸಿನ ಗದ್ದಲದಲ್ಲಿ ಮುಗಿಯಿತು. ಕೇಳಬೇಕಾದ್ದು ಮೂರು, ಹೇಳಬೇಕಾದ್ದು ಮೂರು ಹಾಗೇ ತೂಗುತ್ತ ಉಳಿದವು.

ಬುಧವಾರ ಮಧ್ಯಾಹ್ನ ಮೊಬೈಲಿಗೆ ಸಂದೇಶ ಬಂತು. ಮಂಜುಗಣ್ಣಿನ ಸೂಗಮ್ಮ ಅದನ್ನು ಖಾಸಿಂ ಬೀಯ ಕೈಗಿಟ್ಟಳು.

"'ಯಕ್ಕಾ, ಕೇಳೀನಿ. ಆತು. ಇವತ್ತೇ ಹೇಳಿಬಿಡು.' ಇಷ್ಟೇ ಅದ ಅಕ್ಕಾ. ಏನ್ ಕೇಳ್ಯಾನ?"

ಹಂಪಯ್ಯ ಆಗಷ್ಟೇ ಹೆಡ್ಮಾಸ್ತರರ ಖೋಲಿಯಿಂದ ಹೊರಬಂದಿದ್ದ. ಅವನ ತಲೆಯಲ್ಲಿದ್ದುದು ರಜೆಯೊಂದೇ, ಅದರ ಹೆಸರು ಬರೆಯಬೇಕೆಂದು ಹೊಳೆಯಲೇ ಇಲ್ಲ. ಬರೆದು ಜೇಬಿಗಿಟ್ಟು ಏಳನೆಯ ತರಗತಿಗೆ ಹೋದ. ಇತ್ತ ಸೂಗಮ್ಮ ಮೂರು ದಿನದಿಂದ ಮನಸ್ಸಿನಲ್ಲೇ ದೇವದುರ್ಗದ ಖೋಲಿಯಲ್ಲಿ ಹಂಡೆ ಎಲ್ಲಿಡುವುದು, ದೇವರ ಫೋಟೋ ಎಲ್ಲಿ ತೂಗುಹಾಕುವುದು ಎಂದು ಗೊತ್ತುಮಾಡುತ್ತಿದ್ದಳು. ತೊಟ್ಟಿಲು ನೆನಪಿಗೇ ಬರಲಿಲ್ಲ. ಕಣ್ಣಿನ ವಿಷಯ ಹೆದರಿಕೆಯದು, ಅದನ್ನು ಆಕೆಯೇ ನೆನೆಯುತ್ತಿರಲಿಲ್ಲ. ಹೀಗಾಗಿ ಆ ನಾಲ್ಕಾರು ಪದಗಳು ಹೋಗಿ ಕುಳಿತದ್ದು ಮನೆಯ ಮೇಲೆ.

"ಬೀಬಿ, ನಿನ್ನ ಮನಿ ಬಿಡ್ತೀನಿ. ನನ್ನ ತಮ್ಮ ಕರ್ಯಾಕತ್ಯಾನ."

"ನಂದೇನಿಲ್ಲ, ಹೂಂ. ಆದ್ರ ಒಂದು ಫೋನ್ ಹಚ್ಚಿ ಯಾವುದಂತ ಕೇಳ್ರಲ್ಲ."

"ಎತ್ತಿ ಆಡಿಸಿದ ತಮ್ಮನ ಮಾತಿಗಿ ನಾ ಅರ್ಥ ಕೇಳ್ಕೊಂಡು ಕೂಡ್ಲೇನು? 'ಹೇಳೀನಿ, ಅವರೂ ಹೂಂ ಅಂದ್ರು' ಅಂತ ಬರಿ."

ಖಾಸಿಂ ಬೀ ಹಾಗೇ ಬರೆದಳು. ಅವರೂ ಎಂದರೆ ಸೂಗಮ್ಮನಿಗೆ ಖಾಸಿಂ ಬೀ, ಹಂಪಯ್ಯನಿಗೆ ದವಾಖಾನೆಯವರು. ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿ ನಿಶ್ಚಿಂತನಾದ. ಅಕ್ಕತಮ್ಮಂದಿರು ಇಷ್ಟು ಪೂರ್ತಿ ಒಪ್ಪಿದ್ದು ಅದೇ ಮೊದಲು. ಸಂಜೆಗೇ ಖಾಸಿಂ ಬೀ ಬಹಳ ದಿನದಿಂದ ಮನೆ ಕೇಳುತ್ತಿದ್ದ ಅಣ್ಣನ ಮಗ ಗುಲಾಮ್ ದಸ್ತಗೀರನಿಗೆ ಮಾತು ಕೊಟ್ಟಳು.

ಶುಕ್ರವಾರ ಬೆಳಿಗ್ಗೆ ಹಂಪಯ್ಯ ಆಟೋದಿಂದ ಇಳಿದ. ಅಂಗಳದಲ್ಲಿ ಹಾಸಿಗೆ, ಹಂಡೆ, ಟ್ರಂಕು.

"ಯಕ್ಕಾ, ಕಣ್ಣಿನ ಆಪರೇಷನ್‌ಗಿ ಹಂಡೆ ಯಾಕ?"

ಸೂಗಮ್ಮ ಹಂಡೆಯನ್ನೂ ತಮ್ಮನನ್ನೂ ನೋಡಿದಳು. ಆಕೆಗೆ ಈ ಸಲವೂ ಅರ್ಧ ಮಾತೇ ಸಾಕಾಯಿತು.

ಹಂಪಯ್ಯ ದವಾಖಾನೆಗೆ ಫೋನು ಮಾಡಿದ. ಬರುತ್ತೇವೆಂದು ಯಾರೂ ತಿಳಿಸದ್ದಕ್ಕೆ ಆ ಜಾಗ ಬೇರೆಯವರಿಗೆ ಹೋಗಿತ್ತು.

"ಯಾವುದಂತ ನೀ ಬರೀಲಿಲ್ಲ," ಎಂದಳು ಸೂಗಮ್ಮ.

"ಯಾವುದಂತ ನೀ ಕೇಳಲಿಲ್ಲ."

ಮನೆಯ ಮಾತನ್ನು ಹಂಪಯ್ಯ ಹೆಂಡತಿಯ ಬಳಿ ಇನ್ನೂ ಎತ್ತಿರಲೇ ಇಲ್ಲ. ಗೋಡೆಯ ಕಡೆ ತಿರುಗಿ ಈಗ ಫೋನಿನಲ್ಲಿ ಎತ್ತಿದ. ಶಶಿಕಲಾಳ ದನಿ ಅಂಗಳಕ್ಕೆಲ್ಲ ಕೇಳಿತು. "ಮೊದ್ಲ ಕೇಳಿದ್ರ ಖುಷಿಲೇ ಹೂಂ ಅಂತಿದ್ದೆ. ಈಗ ಮನಿ ಬಿಟ್ಟು ನಿಂತಾರ, ಬ್ಯಾಡ ಅನ್ನಾಕ ಬರ್ತದೇನು? ಮ್ಯಾಲಿನ ಖೋಲಿ ತುಂಬ ನಿಮ್ಮ ಟ್ಯೂಷನ್ ಬೆಂಚ್ ಅದಾವ. ನಡುಮನ್ಯಾಗ ಮಲಗಲಿ."

ಖಾಸಿಂ ಬೀ ಸೆರಗು ಹಿಂಡುತ್ತ ನಿಂತಳು. "ಸೂಗಮ್ಮಕ್ಕ, ನೀವು ಹೂಂ ಅನ್ರಿ, ದಸ್ತಗೀರಗ ಬ್ಯಾಡಂತೀನಿ."

ದಸ್ತಗೀರನ ಹೆಂಡತಿ ಆಗಲೇ ಕೊಡ ಹಿಡಿದು ಹೊಸ್ತಿಲ ಬಳಿ ಬಂದಿದ್ದಳು.

"ಕೊಟ್ಟ ಮಾತು ಕೊಟ್ಟಂಗೇ ಇರ್ಲಿ ಬೀಬಿ," ಎಂದಳು ಸೂಗಮ್ಮ.

ಹಂಡೆ ಆಟೋ ಹತ್ತಿತು. ಅಟ್ಟದ ಮೇಲೆ ಗೊತ್ತುಮಾಡಿದ್ದ ಅದರ ಜಾಗದಲ್ಲಿ ಬೆಂಚುಗಳಿದ್ದವು. ಸೂಗಮ್ಮ ಹೊಸ್ತಿಲು ಮುಟ್ಟಿ ನಮಸ್ಕರಿಸಿ ಮೆಟ್ಟಿಲಿಳಿದಾಗ ಖಾಸಿಂ ಬೀ ಒಳಗಿನಿಂದ ಕೂಗಿದಳು.

"ಅಕ್ಕಾ, ಅದು ಇಲ್ಲೇ ಉಳೀತು ನೋಡ್ರಿ."

ಓಣಿಯವರೆಲ್ಲ ನಿಂತು ನೋಡುತ್ತಿದ್ದರು. ಸೂಗಮ್ಮ ತಿರುಗಿ ನಿಂತು ಕೇಳಿದಳು.

"ಯಾವುದು?"

"ದವಾಖಾನಿ ಚೀಟಿ. ಗ್ವಾಡಿ ಮೊಳಿಗಿ ಅದ."

ಅದನ್ನು ತಂದುಕೊಟ್ಟಳು. ಸೂಗಮ್ಮ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಮ್ಮನ ಹೆಗಲು ಹಿಡಿದು ಆಟೋ ಹತ್ತಿದಳು.